525 ಎಕ್ಸ್ ಟೆಲಿಸ್ಕೋಪ್ ಕೇಳಿದವರಿಗೆ ಮೇಷ್ಟ್ರು ಕೊಟ್ಟ ಉತ್ತರ

"ಸರ್, ಬೆಸ್ಟ್ ಟೆಲಿಸ್ಕೋಪ್ ಯಾವುದು? 500 ಎಕ್ಸ್ ಮೇಲೆ ಇರಬೇಕು. ಬಜೆಟ್ 8000. ಗ್ಯಾಲಕ್ಸಿ ಎಲ್ಲಾ ಕಾಣಬೇಕು. ಅರ್ಜೆಂಟ್."

2025ರ ನವೆಂಬರ್ ಮಧ್ಯದಲ್ಲಿ ನಮ್ಮ ಆಕಾಶ ವೀಕ್ಷಕರ ವಾಟ್ಸಾಪ್ ಬಳಗಕ್ಕೆ ಬಂದ ಪ್ರಶ್ನೆ ಇದು. ಕೇಳಿದವರು ದಾವಣಗೆರೆ ಕಡೆಯವರು, ಹಿಂದಿನ ದಿನವಷ್ಟೇ ಬಳಗಕ್ಕೆ ಸೇರಿದ್ದರು. ಜೊತೆಗೆ ಒಂದು ಆನ್‌ಲೈನ್ ಅಂಗಡಿಯ ಪುಟದ ಫೋಟೋ ಹಾಕಿದ್ದರು. ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ಶನಿ, ಸುರುಳಿ ಗ್ಯಾಲಕ್ಸಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 525X, ಅಂದರೆ 525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ.

ಪ್ರಶ್ನೆ ಕೆಟ್ಟದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಯಾರಿಗಾಗಿ, ಏನು ನೋಡೋಕೆ, ಎಲ್ಲಿಂದ ನೋಡೋದು, ಯಾವುದೂ ಇಲ್ಲ. ಇರುವ ಒಂದೇ ವಿವರ 500 ಎಕ್ಸ್, ಅದೂ ತಪ್ಪು. ಆದರೆ ಹೊಸಬರು ಕೇಳೋದೇ ಹೀಗೆ. ಏನು ಹೇಳಬೇಕು ಅಂತ ಗೊತ್ತಿರೋರು ಅರ್ಧ ಉತ್ತರ ಆಗಲೇ ಕಂಡುಕೊಂಡಿರುತ್ತಾರೆ.

ಹತ್ತು ನಿಮಿಷದಲ್ಲಿ ಮೂರು ಉತ್ತರ ಬಂದವು. ಮೊದಲನೆಯದು, "ಇದೇ ಪ್ರಶ್ನೆ ಎಷ್ಟು ಸಲ ಬಂದಿದೆ, ಸ್ವಲ್ಪ ಮೇಲೆ ಹೋಗಿ ಹುಡುಕಿ." ಎರಡನೆಯವರು ಒಂದು ಮಾತೂ ಬರೆಯದೆ ಒಂದು ರಾಶಿ ಲಿಂಕ್ ಸುರಿದರು. ಅದರಲ್ಲಿ ಒಂದು, ಟೆಲಿಸ್ಕೋಪಿನ ಕನ್ನಡಿಗಳನ್ನು ಒಂದೇ ಸಾಲಿಗೆ ತರುವುದು ಹೇಗೆ ಅನ್ನುವ ಉದ್ದದ ಇಂಗ್ಲಿಷ್ ಲೇಖನ. ಕೇಳಿದವರ ಹತ್ತಿರ ಇನ್ನೂ ಟೆಲಿಸ್ಕೋಪೇ ಇಲ್ಲ! ಮೂರನೆಯವರು, "ಎಂಟು ಇಂಚಿನ ಡಾಬ್ಸೋನಿಯನ್ ತಗೊಳ್ಳಿ, ಬೇರೆ ಯಾವುದೂ ವೇಸ್ಟ್" ಅಂದರು. ಸಲಹೆ ಸುಳ್ಳಲ್ಲ. ಡಾಬ್ಸೋನಿಯನ್ ಅಂದರೆ ನೆಲದ ಮೇಲಿಡುವ ಪೀಠದಲ್ಲಿ ಕೂರುವ ಕನ್ನಡಿ ಟೆಲಿಸ್ಕೋಪ್, ಎಂಟು ಇಂಚಿನದು ಒಳ್ಳೆಯದೇ. ಆದರೆ ಬೆಲೆ ಇವರ ಬಜೆಟ್ಟಿನ ಹಲವು ಪಟ್ಟು, ಮತ್ತು ಅದನ್ನು ತಾರಸಿಗೆ ಹೊತ್ತೊಯ್ಯೋಕೆ ರಟ್ಟೆಯಲ್ಲಿ ಬಲ ಬೇಕು.

ಹೊಸಬರು "ಓಕೆ ಸರ್" ಅಂತ ಹಾಕಿ ಸುಮ್ಮನಾದರು. ನಮ್ಮ ಬಳಗದಲ್ಲಿ ಇಂಥ "ಓಕೆ ಸರ್" ಬಂದರೆ ಆ ಮನುಷ್ಯ ಇನ್ನು ಕೇಳೋದಿಲ್ಲ ಅಂತಲೇ ಲೆಕ್ಕ. ಒಂದೋ ಆ ಪೆಟ್ಟಿಗೆ ಕೊಂಡುಬಿಡುತ್ತಾರೆ, ಇಲ್ಲ ಹವ್ಯಾಸವನ್ನೇ ಬಿಡುತ್ತಾರೆ.

ರಾತ್ರಿ ಊಟ ಆದಮೇಲೆ ನಮ್ಮ ಮೇಷ್ಟ್ರು ಬರೆದರು. ನಿವೃತ್ತ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು ಅವರು. ಅವರ ಉತ್ತರವನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ, ಯಾಕಂದ್ರೆ ಅದರಲ್ಲಿ ಯಾವುದು ಮೊದಲು ಬಂತು, ಯಾವುದನ್ನು ಅವರು ಹೇಳದೇ ಬಿಟ್ಟರು ಅನ್ನೋದರಲ್ಲೇ ಕೆಲಸ ಇದೆ.

ಅವರ ಮೊದಲ ಸಾಲು ಹೀಗಿತ್ತು: "ಸ್ವಾಮಿ, ಆ ಪುಟದಲ್ಲಿ ಸೂರ್ಯನನ್ನು ನೋಡೋ ಫಿಲ್ಟರ್ ಕೊಡ್ತೀವಿ ಅಂತ ಇದೆ. ಯಾವ ಟೆಲಿಸ್ಕೋಪ್ ತಗೊಂಡರೂ ಆ ಫಿಲ್ಟರ್ ಮಾತ್ರ ಬಳಸಬೇಡಿ, ಬಿಸಾಡಿ."

ಇದನ್ನು ಯಾರೂ ಕೇಳಿರಲಿಲ್ಲ. ಬೇರೆ ಮೂವರ ಕಣ್ಣಿಗೂ ಬಿದ್ದಿರಲಿಲ್ಲ. ಅಗ್ಗದ ಕಿಟ್‌ಗಳಲ್ಲಿ ಐಪೀಸಿಗೆ, ಅಂದರೆ ಕಣ್ಣಿಡುವ ಮಸೂರಕ್ಕೆ, ತಿರುಪಿ ಹಾಕುವ ಒಂದು ಪುಟ್ಟ ಕಪ್ಪು ಗಾಜು ಬರುತ್ತದೆ. ಮುಂದಿನ ಮಸೂರ ಬಿಸಿಲನ್ನೆಲ್ಲ ಕೂಡಿಸಿ ತಂದು ಬಿಡುವುದು ಅದೇ ಜಾಗದ ಹತ್ತಿರ. ಗಾಜು ಕಾದು ಬಿರುಕು ಬಿಟ್ಟರೆ ಕಣ್ಣು ತೆಗೆಯೋಕೂ ಸಮಯ ಸಿಗುವುದಿಲ್ಲ. ಸೂರ್ಯನಿಗೆ ಫಿಲ್ಟರ್ ಹಾಕುವುದಾದರೆ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಹಾಕಬೇಕು, ಬಿಸಿಲು ಒಳಗೆ ಬರುವ ಮೊದಲೇ. ಮೇಷ್ಟ್ರು ಇದಕ್ಕೆ ಯಾವ ಲಿಂಕನ್ನೂ ಕೊಡಲಿಲ್ಲ. ಓದಿದರೂ ಓದಬಹುದು, ಬಿಟ್ಟರೂ ಬಿಡಬಹುದು ಅನ್ನುವಂಥ ಜಾಗಕ್ಕೆ ಈ ವಿಷಯವನ್ನು ಕಳಿಸುವ ಹಾಗಿಲ್ಲ. ಕಣ್ಣು ಹೋಗುವ ಸಂಗತಿಯನ್ನು ನೇರವಾಗಿ, ಒಂದೇ ಸಾಲಲ್ಲಿ, ಮೊದಲೇ ಹೇಳಿಬಿಡಬೇಕು.

ಆಮೇಲೆ 525ಕ್ಕೆ ಬಂದರು. ಇಲ್ಲೂ "500 ಎಕ್ಸ್ ಅನ್ನೋದೆಲ್ಲ ಸುಳ್ಳು" ಅಂತ ತಳ್ಳಿಹಾಕಲಿಲ್ಲ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಅದೇ ಪುಟದ ವಿವರ ಇಟ್ಟುಕೊಂಡೇ ತೋರಿಸಿದರು. ಟೆಲಿಸ್ಕೋಪಿನ ನಾಭಿದೂರ, ಅಂದರೆ ಮುಂದಿನ ಮಸೂರದಿಂದ ಬೆಳಕು ಕೂಡುವ ಜಾಗದವರೆಗಿನ ದೂರ, 700 ಮಿಲಿಮೀಟರ್. ಜೊತೆಗೆ ಬರುವ ಅತಿ ಸಣ್ಣ ಐಪೀಸ್ 4 ಮಿಲಿಮೀಟರ್. 700ನ್ನು 4ರಿಂದ ಭಾಗಿಸಿದರೆ 175. ಮೇಲೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಅನ್ನುವ ಇನ್ನೊಂದು ಮಸೂರ ಇದೆ. 175ನ್ನು 3ರಿಂದ ಗುಣಿಸಿದರೆ 525. "ಅಂಗಡಿಯವರ ಗಣಿತ ಸರಿಯಾಗೇ ಇದೆ," ಅಂತ ಬರೆದರು ಮೇಷ್ಟ್ರು. "ಆದರೆ ಈ ಟೆಲಿಸ್ಕೋಪಿನ ಬಾಯಿ 60 ಮಿಲಿಮೀಟರ್ ಮಾತ್ರ. ಒಂದು ಮಿಲಿಮೀಟರಿಗೆ ಎರಡು ಪಟ್ಟು, ಅಂದರೆ 120ರ ಆಚೆ ಹೋದರೆ ಚಿತ್ರ ದೊಡ್ಡದಾಗುತ್ತೆ, ವಿವರ ಹೆಚ್ಚಾಗಲ್ಲ. ಮಸುಕಾಗಿ, ಕತ್ತಲಾಗಿ, ಆ ಸಣ್ಣ ಸ್ಟ್ಯಾಂಡ್ ಮೇಲೆ ನಡುಗ್ತಾ ಇರುತ್ತೆ. ಅದಕ್ಕೇ ಎಕ್ಸ್ ನೋಡಿ ಕೊಳ್ಳಬೇಡಿ, ಬಾಯಿ ಎಷ್ಟು ಅಗಲ ಅಂತ ನೋಡಿ."

ಇಷ್ಟು ಓದಿದ ಮೇಲೆ ಹೊಸಬರಿಗೆ ಒಂದು ಕೀಲಿ ಸಿಕ್ಕಿತು. ಇನ್ನು ಯಾವ ಅಂಗಡಿಯ ಪುಟ ತೆಗೆದರೂ ಎಷ್ಟು ಪಟ್ಟು, ಬಾಯಿ ಎಷ್ಟು ಅಗಲ ಅನ್ನುವ ಎರಡು ಸಂಖ್ಯೆ ಹುಡುಕಿ ತಾವೇ ಲೆಕ್ಕ ಹಾಕಬಹುದು. ನನ್ನನ್ನು ಕೇಳಿದರೆ, ಎರಡನೆಯವರು ಕೊಟ್ಟ ಅಷ್ಟೂ ಲಿಂಕಿಗಿಂತ ಇದು ಜಾಸ್ತಿ ಕೆಲಸಕ್ಕೆ ಬಂತು.

ಕೊನೆಯಲ್ಲಿ ಎರಡು ಪ್ರಶ್ನೆ: "ಯಾರಿಗೆ ತಗೋತಿದ್ದೀರಿ? ಮೊಟ್ಟಮೊದಲು ಏನು ನೋಡಬೇಕು ಅಂತ ಆಸೆ?" ಅಷ್ಟೇ. ತಾರಸಿ ಇದೆಯಾ, ಬೀದಿದೀಪ ಇದೆಯಾ, ಕನ್ನಡಕ ಹಾಕ್ತೀರಾ ಅಂತ ಪಟ್ಟಿ ಹಿಡಿದು ವಿಚಾರಣೆ ಮಾಡಲಿಲ್ಲ. ಲಿಂಕನ್ನೂ ಇನ್ನೂ ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಉದ್ದದ ಉತ್ತರ ಬಂತು. ಮಗ ಐದನೇ ಕ್ಲಾಸು. ಸ್ಕೂಲಲ್ಲಿ ಶನಿಗ್ರಹದ ಪಾಠ ಆಗಿದೆ, ಬಳೆ ನೋಡಲೇಬೇಕು ಅಂತ ಹಟ. ತಿಂಗಳ ಕೊನೆಗೆ ಅವನ ಹುಟ್ಟುಹಬ್ಬ, ಅದಕ್ಕೇ ಅರ್ಜೆಂಟ್. ಮನೆಗೆ ತಾರಸಿ ಇದೆ, ಎದುರಿಗೊಂದು ಬೀದಿದೀಪ. ಇಬ್ಬರೂ ಇದುವರೆಗೆ ಯಾವ ಟೆಲಿಸ್ಕೋಪಿಗೂ ಕಣ್ಣಿಟ್ಟವರಲ್ಲ. ಗ್ಯಾಲಕ್ಸಿ ವಿಷಯ? "ಅದು ಪೆಟ್ಟಿಗೆ ಮೇಲೆ ಇತ್ತು ಸರ್, ಅದಕ್ಕೆ ಕೇಳಿದೆ."

ಈಗ ಪ್ರಶ್ನೆಯೇ ಬೇರೆ ಆಯಿತು ಅಲ್ವಾ? "ಬೆಸ್ಟ್ ಟೆಲಿಸ್ಕೋಪ್ ಯಾವುದು" ಅನ್ನುವುದಕ್ಕೆ ಉತ್ತರ ಇಲ್ಲ. "ಹತ್ತು ವರ್ಷದ ಹುಡುಗನಿಗೆ ಈ ತಿಂಗಳು ದಾವಣಗೆರೆಯ ತಾರಸಿಯಿಂದ ಶನಿಯ ಬಳೆ ತೋರಿಸಬಹುದಾ" ಅನ್ನುವುದಕ್ಕೆ ಉತ್ತರ ಇದೆ. ಮತ್ತು ಆ ಉತ್ತರ 2025ರಲ್ಲಿ ಸ್ವಲ್ಪ ಬೇಜಾರಿನದಾಗಿತ್ತು.

ಭೂಮಿಯಿಂದ ನೋಡುವಾಗ ಶನಿಯ ಬಳೆ ಎಷ್ಟು ವಾಲಿರುತ್ತದೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೆಚ್ಚುಕಮ್ಮಿ ಹದಿನೈದು ವರ್ಷಕ್ಕೊಮ್ಮೆ, ಊಟದ ತಟ್ಟೆಯನ್ನು ಅಂಚಿನ ಕಡೆಯಿಂದ ನೋಡಿದ ಹಾಗೆ, ಅದು ಬರೀ ಗೆರೆಯಾಗಿಬಿಡುತ್ತದೆ. 2025ರ ಮಾರ್ಚಿನಲ್ಲಿ ಹಾಗಾಗಿತ್ತು. ನಡುವೆ ಸ್ವಲ್ಪ ತೆರೆದುಕೊಂಡು, ನವೆಂಬರ್ ಹೊತ್ತಿಗೆ ಮತ್ತೆ ಮುಚ್ಚಿಕೊಂಡು, ವಾಲಿಕೆ ಸುಮಾರು ಅರ್ಧ ಡಿಗ್ರಿಗೆ ಇಳಿದಿತ್ತು. ಬಳೆ ಚೆನ್ನಾಗಿ ತೆರೆದಿರುವ ವರ್ಷಗಳಲ್ಲಿ ಅದನ್ನು ನೋಡೋಕೆ 30 ಪಟ್ಟು ಸಾಕು, 60 ಮಿಲಿಮೀಟರಿನ ಅದೇ ಟೆಲಿಸ್ಕೋಪೂ ಸಾಕು. ಆ ನವೆಂಬರಿನಲ್ಲಿ ಮಾತ್ರ ಹೆಚ್ಚೆಂದರೆ ಗ್ರಹದ ಎರಡೂ ಪಕ್ಕಕ್ಕೆ ಚಾಚಿದ ಕೂದಲೆಳೆಯಂಥ ಗೆರೆ ಕಾಣುತ್ತಿತ್ತು. ಹುಡುಗ ಪುಸ್ತಕದ ಚಿತ್ರ ಮನಸ್ಸಲ್ಲಿಟ್ಟುಕೊಂಡು ಕಣ್ಣಿಟ್ಟರೆ ಏನಾಗುತ್ತಿತ್ತು ಅಂತ ಹೇಳಬೇಕಿಲ್ಲ. ಅಪ್ಪ ಮೋಸ ಹೋದೆ ಅಂದುಕೊಳ್ಳುತ್ತಿದ್ದರು, ಅದೂ ತಪ್ಪು ಕಾರಣಕ್ಕೆ.

ಮೇಷ್ಟ್ರು ಇದನ್ನು ಬರೆದು ವಿವರಿಸಲು ಹೋಗಲಿಲ್ಲ. ಅವರೇ ನೋಡಿಕೊಳ್ಳುವ ದಾರಿ ತೋರಿಸಿದರು. ಲಿಂಕ್ ಕೊಟ್ಟಿದ್ದು ಇಲ್ಲಿ, ಅದೂ ಒಂದೇ ಒಂದು: `stellarium-web.org`. ಸ್ಟೆಲೇರಿಯಂ ಅನ್ನುವುದು ಆಕಾಶದ ನಕ್ಷೆ ತೋರಿಸುವ ಉಚಿತ ತಂತ್ರಾಂಶ. ಈ ವಿಳಾಸ ತೆಗೆದರೆ ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ನಡೆಯುತ್ತದೆ. ಲಿಂಕಿನ ಜೊತೆ ಏನು ಮಾಡಬೇಕು ಅನ್ನುವುದನ್ನೂ ಬರೆದರು:

"ಕೆಳಗೆ ಎಡಗಡೆ ಊರು ಇರುತ್ತೆ, ದಾವಣಗೆರೆ ಮಾಡಿ. ಬಲಗಡೆ ಗಡಿಯಾರ ಇದೆ, ರಾತ್ರಿ ಎಂಟೂವರೆ ಮಾಡಿ. ಮೇಲೆ ಹುಡುಕೋ ಜಾಗದಲ್ಲಿ Saturn ಅಂತ ಹೊಡೆಯಿರಿ. ಶನಿ ದಕ್ಷಿಣಕ್ಕೆ, ಎತ್ತರದಲ್ಲಿ ಸಿಗ್ತಾನೆ. ದೊಡ್ಡದು ಮಾಡಿ ಬಳೆ ನೋಡಿ. ಆಮೇಲೆ ವರ್ಷವನ್ನು 2032ಕ್ಕೆ ತಿರುಗಿಸಿ ಮತ್ತೆ ಶನಿಯನ್ನು ನೋಡಿ. ಇದನ್ನು ಮಗನ ಕೈಲೇ ಮಾಡಿಸಿ. ಮಿಕ್ಕಿದ್ದೆಲ್ಲ ಈಗ ಬೇಡ, ಒಂದು ಕಾಲು ಗಂಟೆ ಆಡಿ ಸಾಕು."

2032ರಲ್ಲಿ ಬಳೆ ಪೂರ್ತಿ ತೆರೆದಿರುತ್ತದೆ, ವಾಲಿಕೆ 27 ಡಿಗ್ರಿಯ ಹತ್ತಿರ. ಎರಡು ಚಿತ್ರ ಪಕ್ಕಪಕ್ಕ ನೋಡಿದ ಹುಡುಗ ಅಪ್ಪನಿಗೆ ಕೇಳಿದನಂತೆ: ಬಳೆ ತಿರುಗ್ತಾ ಇರೋದಾ, ನಾವು ತಿರುಗ್ತಾ ಇರೋದಾ? ಅಪ್ಪ ಅದನ್ನು ಹಾಗೇ ತಂದು ಬಳಗದಲ್ಲಿ ಹಾಕಿದರು. ಮೊದಲ ದಿನದ ಪ್ರಶ್ನೆಯ ಪಕ್ಕ ಇದನ್ನಿಟ್ಟು ನೋಡಿ.

ಸಂಪನ್ಮೂಲ ಕೊಡುವುದು ಅಂದರೆ ಲಿಂಕ್ ಅಂಟಿಸುವುದು ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಅದೇ ಸ್ಟೆಲೇರಿಯಂ ಎರಡನೆಯವರ ರಾಶಿಯಲ್ಲೂ ಇತ್ತು! ಹೊಸಬರು ಅದನ್ನು ಒತ್ತಿಯೂ ನೋಡಿರಲಿಲ್ಲ. ಎಲ್ಲಿ ಒತ್ತಬೇಕು, ಏನು ಹುಡುಕಬೇಕು, ಎಷ್ಟು ಹೊತ್ತು ಸಾಕು, ಯಾವುದನ್ನು ಬಿಡಬಹುದು, ಈ ನಾಲ್ಕು ಸೇರಿದ್ದಕ್ಕೆ ಅದು ಕೆಲಸಕ್ಕೆ ಬಂತು. ಬಿಡಬಹುದಾದ್ದನ್ನು ಹೇಳುವುದು ಅದರಲ್ಲಿ ಮುಖ್ಯ. ಹೊಸಬರಿಗೆ ಎಲ್ಲವೂ ಓದಲೇಬೇಕಾದ ಹಾಗೆ ಕಾಣುತ್ತದೆ.

ಆದರೆ ಸ್ಟೆಲೇರಿಯಂನಿಂದ ಒಂದು ತೊಂದರೆಯೂ ಇದೆ. ಅದು ಆಕಾಶದಲ್ಲಿ ಏನಿದೆ ಅಂತ ತೋರಿಸುತ್ತದೆ, ನಮ್ಮ ಕಣ್ಣಿಗೆ ಏನು ದಕ್ಕುತ್ತದೆ ಅಂತ ತೋರಿಸುವುದಿಲ್ಲ. ದೊಡ್ಡದು ಮಾಡುತ್ತಾ ಹೋದರೆ ಗುರು ಗ್ರಹ ಪರದೆ ತುಂಬ ಬರುತ್ತದೆ, ಕೆಂಪು ಮಚ್ಚೆ ಸಮೇತ. ಎರಡು ದಿನ ಬಿಟ್ಟು ಅಪ್ಪ ಕೇಳಿದ್ದೂ ಅದನ್ನೇ: "ಸರ್, ಹೀಗೇ ಕಾಣೋಕೆ ಯಾವುದು ತಗೋಬೇಕು?" ಅಂದರೆ 525 ಎಕ್ಸ್ ಬೇರೆ ವೇಷದಲ್ಲಿ ವಾಪಸ್ ಬಂದಿತ್ತು.

ಇದಕ್ಕೆ ಮದ್ದು, ನೋಡಿದವರು ಕೈಯಲ್ಲಿ ಬರೆದ ಚಿತ್ರಗಳು. ಈ ವಿಷಯದಲ್ಲಿ ನಮ್ಮ ಬಳಗದವರು ಸಾಮಾನ್ಯವಾಗಿ ತೋರಿಸುವುದು ಗೈ ಕಾನ್ಸೊಲ್ಮಾಗ್ನೊ ಮತ್ತು ಡ್ಯಾನ್ ಡೇವಿಸ್ ಅವರ 'ಟರ್ನ್ ಲೆಫ್ಟ್ ಅಟ್ ಓರಾಯನ್' ಪುಸ್ತಕ, 1989ರಲ್ಲಿ ಮೊದಲು ಬಂದದ್ದು. ಸಣ್ಣ ಟೆಲಿಸ್ಕೋಪಿನಲ್ಲಿ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ, ಬೂದುಬೂದಾಗಿ, ಅದರಲ್ಲಿ ಚಿತ್ರ ಬರೆದಿದ್ದಾರೆ. ಒಳ್ಳೆಯ ಪುಸ್ತಕ. ಆದರೆ ಇಂಗ್ಲಿಷ್, ಬೆಲೆಯೂ ಕಡಿಮೆಯಲ್ಲ, ಮತ್ತು ಹುಡುಗ ಕನ್ನಡ ಶಾಲೆಯಲ್ಲಿ ಓದುತ್ತಿದ್ದ. ಮೇಷ್ಟ್ರು ಅದರ ಹೆಸರನ್ನೇ ಎತ್ತಲಿಲ್ಲ. ತಮ್ಮ ನೋಟ್ ಪುಸ್ತಕದಲ್ಲಿ ಹಿಂದೊಮ್ಮೆ ಪೆನ್ಸಿಲಿನಲ್ಲಿ ಬರೆದಿದ್ದ ಗುರುವಿನ ಚಿತ್ರದ ಫೋಟೋ ತೆಗೆದು ಹಾಕಿದರು: ಬಟಾಣಿ ಗಾತ್ರದ ಒಂದು ದುಂಡು, ಅದರ ಮೇಲೆ ಎರಡು ಮಾಸಲು ಪಟ್ಟಿ, ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ಕೆಳಗೆ, "70 ಮಿಲಿಮೀಟರ್ ಟೆಲಿಸ್ಕೋಪಲ್ಲಿ ನನಗೆ ಕಂಡಿದ್ದು ಇಷ್ಟು. ನನಗಂತೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ" ಅಂತ ಬರೆದಿದ್ದರು. ಸಂಪನ್ಮೂಲ ಎಷ್ಟೇ ಒಳ್ಳೆಯದಿರಲಿ, ಕೇಳಿದವರ ಭಾಷೆಗೂ ಜೇಬಿಗೂ ಹೊಂದದಿದ್ದರೆ ಅದನ್ನು ಪಕ್ಕಕ್ಕಿಡೋದೇ ಸರಿ.

ಕೊನೆಗೆ ಕೊಳ್ಳುವ ಮಾತು. ಮೇಷ್ಟ್ರ ಸಲಹೆ: ಹುಟ್ಟುಹಬ್ಬಕ್ಕೆ ಟೆಲಿಸ್ಕೋಪ್ ಬೇಡ, 10×50 ಬೈನಾಕ್ಯುಲರ್ ತಗೊಳ್ಳಿ. ಹತ್ತು ಅಂದರೆ ಎಷ್ಟು ಪಟ್ಟು, ಐವತ್ತು ಅಂದರೆ ಬಾಯಿ ಎಷ್ಟು ಮಿಲಿಮೀಟರ್. ಮೊದಲೇ ಕೊಟ್ಟಿದ್ದ ಕೀಲಿ ಇಲ್ಲಿ ತಾನಾಗೇ ಕೆಲಸಕ್ಕೆ ಬಂತು. ಬಜೆಟ್ಟಿನೊಳಗೆ ಬರುತ್ತದೆ, ಸ್ಟ್ಯಾಂಡಿನ ರಗಳೆ ಇಲ್ಲ. ಬೈನಾಕ್ಯುಲರಲ್ಲಿ ಶನಿಯ ಬಳೆ ಯಾವ ವರ್ಷವೂ ಬಿಡಿಸಿ ಕಾಣುವುದಿಲ್ಲ ಅನ್ನುವುದನ್ನು ಮುಚ್ಚಿಡದೆ ಹೇಳಿದರು. ಬದಲಿಗೆ ಏನು ಸಿಗುತ್ತದೆ ಅಂತ ಆ ತಿಂಗಳ ಆಕಾಶ ನೋಡಿಯೇ ಬರೆದರು. ಅಮಾವಾಸ್ಯೆ ನವೆಂಬರ್ 20ಕ್ಕೆ, ಹಾಗಾಗಿ 28ರ ಹೊತ್ತಿಗೆ ಅರ್ಧ ಚಂದ್ರ. ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರನ ಕುಳಿಗಳು ಚೆನ್ನಾಗಿ ಕಾಣುತ್ತವೆ, ಬೆಳಕು ಕತ್ತಲೆ ಸೇರುವ ಗಡಿಯಲ್ಲಿ ನೆರಳು ಉದ್ದವಾಗಿ ಬೀಳುವುದರಿಂದ. ಪೂರ್ವಕ್ಕೆ ಕೃತ್ತಿಕೆಯ ಗೊಂಚಲು. ರಾತ್ರಿ ಹತ್ತರ ಮೇಲೆ ಗುರು ಕಾಣುತ್ತಾನೆ, ಅವನ ಚಂದ್ರಗಳನ್ನು 10 ಪಟ್ಟಿನಲ್ಲೂ ಹಿಡಿಯಬಹುದು. ಕೈ ನಡುಗದ ಹಾಗೆ ಮೊಣಕೈ ಎರಡನ್ನೂ ಪ್ಯಾರಪೆಟ್ ಗೋಡೆ ಮೇಲೆ ಊರಬೇಕು. ಮತ್ತೆ ಗ್ಯಾಲಕ್ಸಿ? ಆಂಡ್ರೊಮೆಡಾ ಉತ್ತರಕ್ಕೆ ಎತ್ತರದಲ್ಲಿದೆ, ಬೀದಿದೀಪ ಮರೆಯಾಗುವ ಮೂಲೆಯಲ್ಲಿ ನಿಂತರೆ ಒಂದು ಮಬ್ಬು ಮಚ್ಚೆ ಕಾಣಬಹುದು. "ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ್ದು. ಪೆಟ್ಟಿಗೆ ಮೇಲಿದ್ದ ಹಾಗೆ ಕಾಣಲ್ಲ, ಆದರೆ ಅದು ಗ್ಯಾಲಕ್ಸೀನೇ."

ಟೆಲಿಸ್ಕೋಪ್ ಬೇಕೇ ಬೇಕು ಅನ್ನಿಸಿದರೆ, ಕೊಳ್ಳುವ ಮೊದಲು ಒಮ್ಮೆ ಯಾರದ್ದಾದರೂ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿ ಅಂತ ಸೇರಿಸಿದರು. ಬೆಂಗಳೂರಲ್ಲಾದರೆ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಹೋಗಿ ಅನ್ನಬಹುದಿತ್ತು, ಮಂಗಳೂರಲ್ಲಾದರೆ ಪಿಲಿಕುಳಕ್ಕೆ. ದಾವಣಗೆರೆಯವರಿಗೆ ಅದು ಸಲಹೆಯಲ್ಲ, ಒಂದು ದಿನದ ಪ್ರಯಾಣ. ಹಾಗಾಗಿ ಬಳಗದಲ್ಲಿದ್ದ ಹತ್ತಿರದ ಊರಿನ ಒಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲೆ ಇಬ್ಬರಿಗೂ ಪರಿಚಯ ಮಾಡಿಸಿದರು. ಒಪ್ಪಿಗೆ ಕೇಳದೆ ಇನ್ನೊಬ್ಬರ ನಂಬರ್ ಗುಂಪಿಗೆ ಹಾಕುವವರು ನಮ್ಮಲ್ಲೂ ಇದ್ದಾರೆ.

ಇಡೀ ಮಾತುಕತೆ ನಡೆದದ್ದು ಬಿಟ್ಟುಬಿಟ್ಟು ನಾಲ್ಕೈದು ದಿನ. ಮೇಷ್ಟ್ರು ಹಾಕಿದ ಸಮಯ ಎಲ್ಲಾ ಸೇರಿ ಒಂದು ಗಂಟೆ ಇರಬಹುದು. "ಎಲ್ಲರಿಗೂ ಹೀಗೆ ಕೂತು ಬರೆಯೋಕಾಗುತ್ತಾ?" ಅಂತ ಮೊದಲನೆಯ ಉತ್ತರ ಕೊಟ್ಟವರು ಆಮೇಲೆ ಕೇಳಿದರು. ನ್ಯಾಯವಾದ ಪ್ರಶ್ನೆ. ವಾರಕ್ಕೆ ಇಂಥವು ಮೂರು ಬಂದರೆ ಯಾರಿಗಾದರೂ ಸುಸ್ತಾಗುತ್ತದೆ, ಸುಸ್ತಾದಾಗಲೇ "ಮೇಲೆ ಹುಡುಕಿ" ಅನ್ನುವ ಮಾತು ಬರೋದು. ವಾಟ್ಸಾಪಿನಲ್ಲಿ ಮೇಲೆ ಹುಡುಕೋದು ಎಂಥ ಕೆಲಸ ಅಂತ ಹೇಳಿದವರಿಗೂ ಗೊತ್ತು. ನನಗೆ ಅನ್ನಿಸುವುದು, ಬೇಜಾರಾಗಿದ್ದರೆ ಉತ್ತರ ಬರೆಯದೆ ಇನ್ನೊಬ್ಬರಿಗೆ ಬಿಟ್ಟುಬಿಡಬಹುದು. ಮೇಷ್ಟ್ರು ಬರೆದದ್ದು ರಾತ್ರಿ. ಅಲ್ಲಿವರೆಗೆ ಯಾರೂ ಏನೂ ಬರೆಯದೆ ಇದ್ದಿದ್ದರೂ ನಷ್ಟ ಇರಲಿಲ್ಲ.

ಡಿಸೆಂಬರ್ ಮೊದಲ ವಾರದಲ್ಲಿ ದಾವಣಗೆರೆಯಿಂದ ಮತ್ತೊಂದು ಪ್ರಶ್ನೆ ಬಂತು: "ನಮಸ್ತೆ. ನಿನ್ನೆ ರಾತ್ರಿ ಹತ್ತೂವರೆಗೆ ತಾರಸಿಯಿಂದ 10×50ರಲ್ಲಿ ಗುರು ನೋಡಿದ್ವಿ. ಪಕ್ಕದಲ್ಲಿ ಮೂರು ಚುಕ್ಕಿ ಕಂಡವು. ಅದೇ ಹೊತ್ತಿಗೆ ಸ್ಟೆಲೇರಿಯಂ ನಾಲ್ಕು ತೋರಿಸ್ತಿದೆ. ನಾಲ್ಕನೇದು ಯಾಕೆ ಕಾಣಲಿಲ್ಲ?"

ಸಮಯ ಇದೆ, ಜಾಗ ಇದೆ, ಉಪಕರಣ ಇದೆ, ಏನು ಕಂಡಿತು, ಏನು ಕಾಣಬೇಕಿತ್ತು ಎರಡೂ ಇವೆ. ಹೀಗೆ ಕೇಳಿ ಅಂತ ಅವರಿಗೆ ಯಾರೂ ನಿಯಮ ಹೇಳಿಕೊಟ್ಟಿರಲಿಲ್ಲ. ಈ ಸಲ ಉತ್ತರಿಸಿದ್ದು ಡಾಬ್ಸೋನಿಯನ್ ತಗೊಳ್ಳಿ ಅಂದಿದ್ದ ಮೂರನೆಯವರು: "ಸ್ಟೆಲೇರಿಯಂನಲ್ಲಿ ಗುರುವಿಗೆ ತೀರ ಅಂಟಿಕೊಂಡಿರೋದರ ಹೆಸರು ನೋಡಿ. ಅಯೋ ಅನ್ನೋ ಚಂದ್ರ ಇದ್ದರೆ ಅದು ಗುರುವಿನ ಹೊಳಪಲ್ಲೇ ಮುಳುಗಿರುತ್ತೆ, 10 ಪಟ್ಟಿಗೆ ಬಿಡಿಸಿ ಕಾಣೋದು ಕಷ್ಟ. ಅದು ಸುಮಾರು 42 ಗಂಟೆಗೆ ಒಂದು ಸುತ್ತು ಹಾಕುತ್ತೆ, ಹಾಗಾಗಿ ನಾಳೆ ಬೇರೆ ಕಡೆ ಇರುತ್ತೆ. ಯಾವ ಹೊತ್ತಿಗೆ ದೂರ ಇರುತ್ತೆ ಅಂತ ಗಡಿಯಾರ ತಿರುಗಿಸಿ ಮಗನೇ ಕಂಡುಹಿಡೀಲಿ."

ಟೆಲಿಸ್ಕೋಪ್ ಅವರಿನ್ನೂ ಕೊಂಡಿಲ್ಲ. ಬಳಗದ ಅಡ್ಮಿನ್ ಮಾತ್ರ ಮೇಲೆ ಪಿನ್ ಮಾಡಿದ್ದ ಉದ್ದದ ಲಿಂಕ್ ಪಟ್ಟಿಯನ್ನು ತೆಗೆದು, ಮೇಷ್ಟ್ರು ಬರೆದ ಮೂರು ಸಂಗತಿ ಹಾಕಿದ್ದಾರೆ: ಸೂರ್ಯನ ಫಿಲ್ಟರ್ ಎಚ್ಚರಿಕೆ, 525ರ ಲೆಕ್ಕ, ಸ್ಟೆಲೇರಿಯಂನಲ್ಲಿ ಶನಿ ಹುಡುಕುವ ವಿಧಾನ. ಎರಡನೆಯವರಿಗೆ ಇದು ಇನ್ನೂ ಸಮಾಧಾನ ಇಲ್ಲ, ಕನ್ನಡಿ ಹೊಂದಿಸುವ ಲೇಖನವಾದರೂ ಇರಲಿ ಅಂತ ವಾದ ಮಾಡುತ್ತಿದ್ದಾರೆ. ಟೆಲಿಸ್ಕೋಪ್ ಕೊಂಡವರು ಕೇಳಿದಾಗ ಅವರೇ ಕೊಡಲಿ ಅಂತ ಸದ್ಯಕ್ಕೆ ತೀರ್ಮಾನವಾಗಿದೆ.